ಬಾವಿ ಆಳ ಮಾಡಿದಷ್ಟೂ ಸಮುದ್ರ ಹತ್ತಿರ

ಸಿವಿಲ್ ವಿಭಾಗದ ಸೆಮಿನಾರ್ ದಿನ ಮೇಜಿನ ಮೇಲೆ ಒಂದು ಗಾಜಿನ ಲೋಟ ಇಟ್ಟು, ಅದರಲ್ಲಿ ಎರಡು ಚಮಚ ಉಪ್ಪು ಕರಗಿಸಿದ ನೀರು ಹಾಕಿ, ಅದರ ಮೇಲೆ ನಿಧಾನವಾಗಿ ಪುನರ್ಪುಳಿ ಶರಬತ್ತು ಸುರಿದೆ. ಕೆಂಪು ಪದರ ಮೇಲೆ ತೇಲುತ್ತದೆ ನೋಡಿ ಅಂತ ಹೇಳಿ ಮುಗಿಸುವ ಮೊದಲೇ ಅದು ಸೀದಾ ತಳಕ್ಕೆ ಹೋಗಿ ಕೂತಿತು. ಎಲ್ಲರೂ ನಕ್ಕರು. ತಪ್ಪು ನನ್ನದೇ. ಕ್ಯಾಂಟೀನ್‌ನಿಂದ ತಂದ ಶರಬತ್ತಿಗೆ ಸಕ್ಕರೆ ಜಾಸ್ತಿ ಇತ್ತು, ಸಕ್ಕರೆ ಹಾಕಿದ ನೀರು ಉಪ್ಪು ನೀರಿಗಿಂತಲೂ ಭಾರ ಆಗಿಬಿಟ್ಟಿತ್ತು. ಎರಡನೇ ಸಲ ಸಿಪ್ಪೆ ನೆನೆಸಿದ ಬರೀ ನೀರು ತಂದು, ಚಮಚದ ಹಿಂಬದಿಯಲ್ಲಿ ಜಾರಿಸಿ ಸುರಿದಾಗ ಕೆಂಪು ಮೇಲೆ, ಬಿಳಿ ಕೆಳಗೆ, ನಡುವೆ ಚೆಂದದ ಒಂದು ಗೆರೆ.

ನನ್ನ ಸೆಮಿನಾರ್ ವಿಷಯ ಇಷ್ಟೇ, ಕಡಲ ಪಕ್ಕದ ಬಾವಿಗಳ ಕೆಳಗೆ ಸಿಹಿ ನೀರು, ಉಪ್ಪು ನೀರಿನ ನಡುವೆ ಇರುವ ಅಂಥದ್ದೇ ಗೆರೆ. ವರದಿಯ ಹೆಸರು ಎರಡು ಸಾಲು ಉದ್ದ ಇತ್ತು, ಒಳಗೆ ಸಮೀಕರಣಗಳು ಬೇರೆ. ಬೇರೆ ವಿಭಾಗದವರಿಗೆ ಅರ್ಥ ಆಗುವ ಹಾಗೆ ಎರಡು ಪುಟದಲ್ಲಿ ಬರೆದು ಕೊಡು ಅಂತ ಗೈಡ್ ಮೇಡಂ ಹೇಳಿದ್ದರಿಂದ, ಸಮೀಕರಣ ಎಲ್ಲ ಬಿಟ್ಟು ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅದನ್ನೂ ಓದದೆ ದಾಟಬೇಡಿ, ಸುಲಭ ಇದೆ.

ಮೊದಲು ಮಂಗಳೂರಿನ ತಣ್ಣೀರುಬಾವಿಗೆ ಹೋಗೋಣ. ಸಂಜೆ ಬೀಚಿಗೆ ಅಂತ ನಾವೆಲ್ಲ ಹೋಗುವ ಜಾಗವೇ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಫಲ್ಗುಣಿ ನದಿ, ನಡುವೆ ಮರಳಿನ ಒಂದು ಪಟ್ಟಿ. ನದಿಯಲ್ಲೂ ಅಳಿವೆಯಿಂದ ಉಪ್ಪು ನೀರು ಬರುತ್ತದೆ. ಅಂದರೆ ಎರಡೂ ಕಡೆ ಉಪ್ಪು, ಊರಿನ ಹೆಸರಲ್ಲಿ ಮಾತ್ರ ತಣ್ಣೀರು! ಉಡುಪಿ ಕಡೆ ಕೋಡಿ ಬೆಂಗ್ರೆಯೂ ಹೀಗೇ, ಒಂದು ಬದಿ ಕಡಲು, ಇನ್ನೊಂದು ಬದಿ ನದಿ. ಇಂಥ ಮರಳು ಪಟ್ಟಿಯಲ್ಲೂ ಆಳ ಇಲ್ಲದ ಬಾವಿಯಲ್ಲಿ ಸಿಹಿ ನೀರು ಸಿಗುತ್ತದೆ. ಹೇಗೆ?

ಮಳೆಯ ನೀರು ಮರಳಲ್ಲಿ ಇಳಿಯುತ್ತದೆ. ಕೆಳಗೆ ಸಮುದ್ರದ ಉಪ್ಪು ನೀರು ಮೊದಲೇ ತುಂಬಿಕೊಂಡಿದೆ. ಸಿಹಿ ನೀರು ಹಗುರ, ಉಪ್ಪು ನೀರು ಸ್ವಲ್ಪ ಭಾರ, ಹಾಗಾಗಿ ಗಂಜಿಯ ಮೇಲೆ ತುಪ್ಪ ನಿಂತ ಹಾಗೆ ಸಿಹಿ ನೀರು ಮೇಲೆ ತೇಲಿಕೊಂಡು ನಿಲ್ಲುತ್ತದೆ. ಮರಳಿನ ಸಣ್ಣ ಸಣ್ಣ ಸಂದಿಗಳಲ್ಲಿ ನೀರು ಬೇಗ ಕದಡುವುದಿಲ್ಲವಾದ್ದರಿಂದ ಎರಡೂ ಸುಲಭಕ್ಕೆ ಬೆರೆಯುವುದಿಲ್ಲ. ದಡದ ಹತ್ತಿರ ಈ ಸಿಹಿ ಪದರ ತೆಳು, ಒಳಗೆ ಹೋದ ಹಾಗೆ ದಪ್ಪ.

ಎಷ್ಟು ದಪ್ಪ? ಲೆಕ್ಕ ಇಲ್ಲಿದೆ. ಸಿಹಿ ನೀರಿನ ಸಾಂದ್ರತೆ 1.000 ಅಂತ ಇಟ್ಟುಕೊಂಡರೆ ಸಮುದ್ರದ ನೀರಿನದ್ದು ಸುಮಾರು 1.025. ಒಂದು ಕಡೆ 41 ಮೀಟರ್ ಎತ್ತರದ ಸಿಹಿ ನೀರಿನ ಕಂಬ, ಇನ್ನೊಂದು ಕಡೆ 40 ಮೀಟರ್ ಎತ್ತರದ ಸಮುದ್ರದ ನೀರಿನ ಕಂಬ ನಿಲ್ಲಿಸಿ. 40ನ್ನು 1.025ರಿಂದ ಗುಣಿಸಿದರೆ 41. ತಕ್ಕಡಿ ಸಮ. ಅಂದರೆ ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿ ನೀರು ನಿಂತಿದ್ದರೆ, ಕೆಳಗೆ 40 ಮೀಟರ್‌ವರೆಗೆ ಉಪ್ಪು ನೀರನ್ನು ಅದು ಒತ್ತಿ ಹಿಡಿದಿರುತ್ತದೆ.

```
z = 40 × h
```

`h` ಅಂದರೆ ಸಮುದ್ರ ಮಟ್ಟದಿಂದ ಮೇಲಕ್ಕೆ ಬಾವಿ ನೀರಿನ ಎತ್ತರ, `z` ಅಂದರೆ ಸಮುದ್ರ ಮಟ್ಟದಿಂದ ಕೆಳಕ್ಕೆ ಉಪ್ಪು ನೀರಿನ ಗೆರೆ ಇರುವ ಆಳ. 19ನೇ ಶತಮಾನದ ಕೊನೆಗೆ ಡಚ್ ಎಂಜಿನಿಯರ್ ಘೈಬನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಇದನ್ನೇ ಕಂಡುಕೊಂಡರು. ಇಬ್ಬರ ಹೆಸರೂ ಸೇರಿಸಿ ನಾವು ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡುತ್ತೇವೆ.

ಒಂದು ಮೀಟರಿಗೆ 40 ಮೀಟರ್ ಅಂದರೆ ಲಾಭವೇ ಅಲ್ವಾ ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಹೌದು, ಮಳೆಗಾಲದಲ್ಲಿ. ಅದೇ ಲೆಕ್ಕವನ್ನು ಏಪ್ರಿಲ್‌ನಲ್ಲಿ ತಿರುಗಿಸಿ ಹಾಕಿ ನೋಡಿ. ಪಂಪು ಹಾಕಿ ಹಾಕಿ ನೀರಿನ ಮಟ್ಟ ಅರ್ಧ ಮೀಟರ್ ಇಳಿದು ಅಲ್ಲೇ ನಿಂತರೆ, ಕೆಳಗಿನ ಗೆರೆ ಕಾಲಕ್ರಮೇಣ 20 ಮೀಟರ್ ಮೇಲೆ ಬರುತ್ತದೆ. ಬಾವಿಕಟ್ಟೆಯಿಂದ ಬಗ್ಗಿ ನೋಡಿದರೆ ಕಾಣುವುದು ಆ ಅರ್ಧ ಮೀಟರ್ ಮಾತ್ರ. ನೀರು ಇನ್ನೂ ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ.

ನನ್ನ ದೊಡ್ಡಮ್ಮನ ಮನೆಯಲ್ಲಿ ಆಗಿದ್ದು ಇದೇ. ಮಲ್ಪೆಯಿಂದ ಸ್ವಲ್ಪ ಆಚೆ, ಕಡಲಿಗೆ ಹತ್ತಿರದ ಮನೆ, ಮರಳು ನೆಲ, ಸಿಮೆಂಟ್ ರಿಂಗ್ ಇಳಿಸಿದ ಬಾವಿ. ಎರಡು ವರ್ಷದ ಹಿಂದೆ ಬೇಸಗೆಯಲ್ಲಿ ನೀರು ಕಮ್ಮಿ ಆಯಿತು ಅಂತ ಜನ ಕರೆಸಿ ಇನ್ನೂ ಎರಡು ರಿಂಗ್ ಕೆಳಗೆ ಇಳಿಸಿದರು. ನೀರು ಬಂತು, ಜೋರಾಗಿಯೇ ಬಂತು. ವಾರ ಕಳೆಯುವಾಗ ಚಾ ಉಪ್ಪುಪ್ಪು. ಸೋಪು ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. "ಎಂತ ಮಾರಾಯ, ನೀನು ಓದುವುದು ಇದೇ ಅಲ್ವಾ, ದುಡ್ಡು ಕೊಟ್ಟು ಉಪ್ಪು ತೆಗೆದ ಹಾಗೆ ಆಯಿತಲ್ಲ" ಅಂದರು ದೊಡ್ಡಮ್ಮ. ನಾನಾಗ ಎರಡನೇ ವರ್ಷದಲ್ಲಿದ್ದೆ, ಹೇಳುವುದಕ್ಕೆ ಏನೂ ಇರಲಿಲ್ಲ. ಈ ವಿಷಯ ಹಿಡಿದದ್ದೇ ಅವತ್ತಿನ ಮಾತಿನಿಂದ.

ಅವರ ಬಾವಿಯಲ್ಲಿ ಆದದ್ದನ್ನು ಲೋಟದಲ್ಲೇ ನೋಡಬಹುದು. ಸ್ಟ್ರಾದ ತುದಿಯನ್ನು ಕೆಂಪು ಪದರದಲ್ಲಿ, ಗೆರೆಗಿಂತ ಸ್ವಲ್ಪವೇ ಮೇಲೆ ಇಟ್ಟು ಮೆಲ್ಲಗೆ ಎಳೆಯಿರಿ. ಕೆಂಪು ನೀರೇ ಬರುತ್ತದೆ. ಈಗ ಜೋರಾಗಿ ಎಳೆಯಿರಿ. ಸ್ಟ್ರಾದ ಕೆಳಗೆ ಮಾತ್ರ ಬಿಳಿ ನೀರು ಗುಡ್ಡದ ಹಾಗೆ ಮೇಲೆದ್ದು ಬಾಯಿಗೆ ಉಪ್ಪು ಬರುತ್ತದೆ. ಅಕ್ಕಪಕ್ಕದಲ್ಲಿ ಕೆಂಪು ಹಾಗೇ ಇದೆ! ಪಂಪಿನ ಕೆಳಗೂ ಹೀಗೇ ಉಪ್ಪಿನ ಗುಡ್ಡ ಏಳುತ್ತದೆ. ಬಾವಿ ಆಳ ಮಾಡುವುದು ಅಂದರೆ ಸ್ಟ್ರಾವನ್ನು ಗೆರೆಯ ಹತ್ತಿರ ಇಳಿಸಿದ ಹಾಗೆ.

ಹಾಳಾಗುವುದಕ್ಕೆ ಜಾಸ್ತಿ ಉಪ್ಪು ನೀರು ಬೇಕಿಲ್ಲ ಅನ್ನುವುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ ಸಂಗತಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಕ್ಲೋರೈಡೇ ಸುಮಾರು 19 ಗ್ರಾಂ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುವ ಮಿತಿ ಲೀಟರಿಗೆ 250 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1000ದವರೆಗೆ ಆಗಬಹುದು. 15 ಲೀಟರಿನ ಒಂದು ಬಕೆಟ್ ಒಳ್ಳೆ ನೀರಿಗೆ 200 ಮಿಲಿ, ಅಂದರೆ ಒಂದು ಲೋಟ ಕಡಲ ನೀರು ಹಾಕಿದರೆ ಆ 250 ಮುಟ್ಟಿಬಿಡುತ್ತದೆ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ: ನಮ್ಮಲ್ಲಿ ಮಳೆ ಇಷ್ಟು ಬರುತ್ತದಲ್ಲ? ಬರುತ್ತದೆ, ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಸಾವಿರ ಚದರಡಿ ತಾರಸಿ ಮೇಲೆ ಬೀಳುವ ನೀರೇ ಮೂರೂವರೆ ಲಕ್ಷ ಲೀಟರ್ ದಾಟುತ್ತದೆ. ಆದರೆ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಘಟ್ಟ ಹತ್ತಿರ, ಹೊಳೆಗಳು ಗಿಡ್ಡ, ಕೆಂಪುಕಲ್ಲಿನ ನೆಲದಲ್ಲಿ ತೂತೇ ತೂತು, ಇಳಿದ ನೀರು ನಿಲ್ಲದೆ ಕೆಳಗೆ ಜಾರಿ ಹೋಗುತ್ತದೆ. ತಾರಸಿ ನೀರನ್ನು ಬಾವಿಗೆ ಬಿಡಿ ಅಂತ ಎಲ್ಲ ಕಡೆ ಹೇಳುತ್ತಾರೆ, ಬಿಡಿ, ಒಳ್ಳೆಯದೇ. ಆದರೆ ಜುಲೈಯಲ್ಲಿ ಬಾವಿ ಹೇಗೂ ತುಂಬಿ ತುಳುಕುತ್ತಿರುತ್ತದೆ, ಆಗ ಬಿಟ್ಟದ್ದು ಏಪ್ರಿಲ್‌ವರೆಗೆ ನಿಮಗಾಗಿ ಕಾಯುವುದಿಲ್ಲ. ಅಕ್ಟೋಬರ್, ನವೆಂಬರ್‌ನ ಗುಡುಗು ಮಳೆಯ ನೀರನ್ನು ಬಿಟ್ಟರೆ ಜಾಸ್ತಿ ಉಪಯೋಗ ಅಂತ ನನ್ನ ಅನಿಸಿಕೆ. ಹಳಬರು ಗುಡ್ಡದ ಮೇಲೆ ಮದಕ ಮಾಡಿ ನೀರು ನಿಲ್ಲಿಸುತ್ತಿದ್ದದ್ದು ಇದಕ್ಕೇ. ಮೇಲೆ ನಿಂತ ನೀರು ನಿಧಾನವಾಗಿ ಇಳಿದು ಕೆಳಗಿನ ಬಾವಿಗೆ ತಡವಾಗಿ ಬರುತ್ತದೆ.

ನದಿ ಪಕ್ಕದ ಬಾವಿಗಳ ಕತೆ ಸ್ವಲ್ಪ ಬೇರೆ. ಬೇಸಗೆಯಲ್ಲಿ ಹೊಳೆಯ ಹರಿವು ಸೊರಗುತ್ತದೆ, ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಕಡಲು ಹೊಳೆಯಲ್ಲೇ ಹತ್ತಿಕೊಂಡು ಮೇಲೆ ಬರುತ್ತದೆ, ದಂಡೆಯ ಗದ್ದೆ ಬಾವಿ ಎರಡಕ್ಕೂ ಉಪ್ಪು. ಇದಕ್ಕೆ ನಮ್ಮಲ್ಲಿ ಇರುವ ಮದ್ದು ಕಿಂಡಿ ಅಣೆಕಟ್ಟು. ಮಳೆಗಾಲ ಕಳೆದು ಹರಿವು ಇಳಿದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಹಾಕಿ ನಡುವೆ ಮಣ್ಣು ತುಂಬುತ್ತಾರೆ, ಮುಂದಿನ ಮಳೆಗೆ ಮೊದಲು ತೆಗೆಯುತ್ತಾರೆ. ಮೇಲ್ಬದಿಯಲ್ಲಿ ಸಿಹಿ ನೀರು ನಿಲ್ಲುತ್ತದೆ, ಕೆಳಗಿನ ಉಪ್ಪು ಅಲ್ಲೇ ತಡೆಯುತ್ತದೆ. ಹಲಗೆ ಹಾಕುವುದು ಒಂದು ತಿಂಗಳು ತಡವಾದರೆ ನಿಲ್ಲಿಸುವುದಕ್ಕೆ ಹೊಳೆಯಲ್ಲಿ ನೀರೇ ಉಳಿದಿರುವುದಿಲ್ಲ. ಇಡೀ ವರದಿಯಲ್ಲಿ ನನಗೆ ಇಷ್ಟವಾದ ಭಾಗ ಇದು, ಪುಟದ ಮಿತಿಯಿಂದ ಅಲ್ಲಿ ಒಂದೇ ಪ್ಯಾರಾ ಹಾಕಲು ಆಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ಮೇಡಂ ಬಿಡುವುದಿಲ್ಲ. 40ರ ಲೆಕ್ಕ ಮರಳು ನೆಲಕ್ಕೆ ಅಂದಾಜಾಗಿ ಸರಿ, ಎಲ್ಲ ಕಡೆಗೂ ಅಲ್ಲ. ನೆಲದ ಒಳಗೆ ಆ ಗೆರೆ ಲೋಟದಲ್ಲಿ ಕಂಡ ಹಾಗೆ ಕತ್ತರಿಸಿಟ್ಟಂತೆ ಇರುವುದಿಲ್ಲ, ಸವುಳು ನೀರಿನ ಒಂದು ಪಟ್ಟಿಯೇ ಇರುತ್ತದೆ. ಕಡಲಿನಿಂದ ದೂರ, ಗಟ್ಟಿ ಬಂಡೆಯ ಮೇಲಿನ ಬಾವಿಯವರು ಈ ಸೂತ್ರ ಹಿಡಿದು ಗಾಬರಿ ಆಗಬೇಕಿಲ್ಲ.

ದೊಡ್ಡಮ್ಮನ ಬಾವಿಗೆ ಈ ವರ್ಷ ನಾವು ಮಾಡಿದ್ದು ಎರಡೇ ಕೆಲಸ. ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವನ್ನು ತಳದಿಂದ ಎತ್ತಿ ನೀರಿನ ಮೇಲ್ಮಟ್ಟದ ಹತ್ತಿರ ಕಟ್ಟಿದೆವು, ಮತ್ತೆ ಒಂದೇ ಸಲ ಟ್ಯಾಂಕಿ ತುಂಬಿಸುವ ಬದಲು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಸ್ವಲ್ಪ ಸ್ವಲ್ಪ ಪಂಪು ಹಾಕುವುದು ಅಂತ ಮಾಡಿದೆವು. ಉಪ್ಪು ಪೂರ್ತಿ ಹೋಗಲಿಲ್ಲ. ಒಮ್ಮೆ ಮೇಲೆ ಬಂದ ಉಪ್ಪನ್ನು ಕೆಳಗೆ ತಳ್ಳುವುದು ಮಳೆಯ ಕೆಲಸ, ಅದಕ್ಕೆ ಒಂದು ಮಳೆಗಾಲ ಸಾಲದೆಯೂ ಹೋಗಬಹುದು. ಚಾ ಮಾತ್ರ ಈಗ ಕುಡಿಯುವ ಹಾಗಿದೆ.

ನಿಮ್ಮ ಮನೆಯ ಬಾವಿ ನೀರು ನೋಡಬೇಕು ಅಂತ ಇದ್ದರೆ ಶನಿವಾರ ಮಧ್ಯಾಹ್ನ ಎನ್ವಿರಾನ್‌ಮೆಂಟಲ್ ಲ್ಯಾಬ್‌ಗೆ ತನ್ನಿ. ನೀರಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯುವ ಸಣ್ಣ ಮೀಟರ್ ಇದೆ, ಉಪ್ಪು ಜಾಸ್ತಿ ಇದ್ದಷ್ಟೂ ಅಂಕೆ ಜಾಸ್ತಿ, ಒಂದು ನಿಮಿಷದ ಕೆಲಸ. ಎರಡು ಬಾಟಲಿ ಬೇಕು: ಬೆಳಿಗ್ಗೆ ಪಂಪು ಹಾಕುವ ಮೊದಲು ಕೊಡದಲ್ಲಿ ಸೇದಿದ್ದು ಒಂದು, ಪಂಪು ಅರ್ಧ ಗಂಟೆ ಓಡಿದ ಮೇಲೆ ಹಿಡಿದದ್ದು ಇನ್ನೊಂದು. ಬಾಟಲಿಯನ್ನು ಅದೇ ನೀರಲ್ಲಿ ಎರಡು ಸಲ ತೊಳೆದು ತುಂಬಿಸಿ. ಮೇಲೆ ಹೆಸರು ಬರೆಯದಿದ್ದರೂ ನಡೆಯುತ್ತದೆ, ಬಾವಿ ಕಡಲಿನಿಂದಲೋ ಹೊಳೆಯಿಂದಲೋ ಎಷ್ಟು ದೂರ ಅಂತ ಬರೆಯಿರಿ.