ಗುರುವಾರದ ಅಂತರ್ಜಲ ಸಭೆ: ದುಭಾಷಿಗೆ ಪದಗಳ ಟಿಪ್ಪಣಿ

ಮೇಡಂ, ನಮಸ್ಕಾರ.

ಹೈದರಾಬಾದಿನ ಸರ್ ಅವರ ಡೆಕ್ ನಿನ್ನೆ ರಾತ್ರಿ ಬಂತು. ಒಟ್ಟು 34 ಸ್ಲೈಡ್. ಎಲ್ಲ ಪದಕ್ಕೂ ಅರ್ಥ ಬರೆಯಲು ಹೋಗಿಲ್ಲ. ಎಡವುವ ಜಾಗಗಳನ್ನಷ್ಟೇ ಗುರುತು ಮಾಡಿದ್ದೇನೆ.

ಸಭೆ ಚಿತ್ರದುರ್ಗದಲ್ಲಿ, ಬೆಳಿಗ್ಗೆ 10:30ಕ್ಕೆ. ಬೂತ್, ಹೆಡ್‌ಫೋನ್ ಇಲ್ಲ. ಸರ್ ಎರಡು ಮೂರು ವಾಕ್ಯ ಹೇಳಿ ನಿಲ್ಲಿಸುತ್ತಾರೆ, ಆಮೇಲೆ ನೀವು ಕನ್ನಡದಲ್ಲಿ ಹೇಳಬೇಕು. ಪ್ರಶ್ನೋತ್ತರದಲ್ಲಿ ಮಾತ್ರ ಅವರ ಪಕ್ಕ ಕೂತು ಕಿವಿಯಲ್ಲಿ ಇಂಗ್ಲಿಷ್. ಬರುವವರು ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು, ಚಳ್ಳಕೆರೆಯ ಶೇಂಗಾ ರೈತರು, ಹಿರಿಯೂರಿನವರು. ಬೋರ್ ಕೊರೆಸಿ ಕೈ ಸುಟ್ಟುಕೊಂಡವರೇ ಜಾಸ್ತಿ. ಹಾಗಾಗಿ "ಕೊಳವೆಬಾವಿ" ಅನ್ನಬೇಡಿ, "ಬೋರ್" ಅನ್ನಿ. "ಅಂತರ್ಜಲ" ಎಲ್ಲರಿಗೂ ಗೊತ್ತು, ನಡೆಯುತ್ತದೆ.

ಸ್ಲೈಡ್ 4–7: ಕಲ್ಲು

ಇಲ್ಲಿ ಎರಡು ಕಲ್ಲಿನ ಹೆಸರು ಬರುತ್ತವೆ. `Gneiss` ಓದುವಾಗ ಮೊದಲಿನ ಜಿ ಕೇಳಿಸುವುದಿಲ್ಲ, ಬರೀ "ನೈಸ್". ಸರ್ ಬಾಯಲ್ಲಿ "ದಿಸ್ ಈಸ್ ನೈಸ್" ಅಂತ ಬಂದರೆ "ಇದು ಚೆನ್ನಾಗಿದೆ" ಅಂದುಬಿಡಬೇಡಿ. `Schist` ಅಂದರೆ ಶಿಸ್ಟ್. ಮೈಕಿನಲ್ಲಿ ಅದು "ಶಿಸ್ತು" ಅಂತಲೇ ಕೇಳುತ್ತದೆ. ಅದಕ್ಕೆ "ಶಿಸ್ಟ್ ಅನ್ನೋ ಪದರ ಪದರದ ಕಲ್ಲು" ಅಂತ ಒಮ್ಮೆ ಬಿಡಿಸಿ ಹೇಳಿ, ಆಮೇಲೆ ಹೆಸರು ಸಾಕು. ಚಿತ್ರದುರ್ಗದ ಶಿಸ್ಟ್ ಪಟ್ಟಿ ಭೂವಿಜ್ಞಾನದವರಿಗೆ ಹೆಸರುವಾಸಿ, ಸರ್ ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ ಅನ್ನಿಸುತ್ತದೆ.

`Dyke` ಅಂತ ಬಂದಾಗ ಏರಿ, ಬದು ಅಂತ ಹೇಳಬೇಡಿ. ಕಲ್ಲಿನ ಬಿರುಕಿನೊಳಗೆ ಕೆಳಗಿನಿಂದ ನುಗ್ಗಿ ಗಟ್ಟಿಯಾದ ಕರಿಕಲ್ಲಿನ ಗೋಡೆ ಅದು. ನೆಲದೊಳಗೆ ನೀರಿಗೆ ಅಡ್ಡ ನಿಲ್ಲಬಹುದು. ಒಂದೇ ಹೊಲದ ಈ ಕಡೆ ಬೋರಲ್ಲಿ ನೀರು, ಆ ಕಡೆ ಧೂಳು ಬರುವುದಕ್ಕೆ ಇದೂ ಒಂದು ಕಾರಣ. ಸರ್ ಇದನ್ನು ಹೇಳುವಾಗ ಸಭೆಯಲ್ಲಿ ಗದ್ದಲ ಆಗುತ್ತದೆ, ಎಲ್ಲರಿಗೂ ತಮ್ಮ ಬೋರ್ ನೆನಪಾಗುತ್ತದೆ. ಒಂದು ಕ್ಷಣ ನಿಂತು ಮುಂದುವರಿಯಿರಿ.

`Weathered zone`: ಪುಡಿಯಾದ ಮೇಲ್ಪದರ. `Fracture`: ಸೀಳು. `Aquifer`: ನೀರು ಹಿಡಿದಿಟ್ಟ ಪದರ. ರೈತರು "ಸೆಲೆ" ಅನ್ನುವುದು ಬಹುಪಾಲು ಸೀಳಿನಿಂದ ಬರುವ ನೀರಿಗೆ, ಆಕ್ವಿಫರಿಗೆ ಅದನ್ನೇ ಬಳಸಿದರೆ ಎರಡೂ ಬೆರೆಯುತ್ತವೆ.

ಸ್ಲೈಡ್ 9: ಸೇಫ್

ನನಗೆ ಜಾಸ್ತಿ ಭಯ ಇರುವುದು ಈ ಸ್ಲೈಡ್ ಬಗ್ಗೆ. ಇಲ್ಲಿ `Safe`, `Semi-critical`, `Critical`, `Over-exploited` ಅಂತ ನಾಲ್ಕು ಬಣ್ಣ ಇವೆ. ವರ್ಷಕ್ಕೆ ಎತ್ತಬಹುದಾದ ನೀರಿನಲ್ಲಿ ಎಷ್ಟು ಎತ್ತುತ್ತಿದ್ದೇವೆ ಅನ್ನುವ ಲೆಕ್ಕ ಅದು. ಶೇಕಡಾ 70ರವರೆಗೆ ಸೇಫ್, 70ರಿಂದ 90 ಅರೆ ಕ್ರಿಟಿಕಲ್, 90ರಿಂದ 100 ಕ್ರಿಟಿಕಲ್, 100 ದಾಟಿದರೆ ಅತಿಬಳಕೆ. "ಸುರಕ್ಷಿತ" ಅಂದರೆ ಜನ ಕುಡಿಯಲು ಒಳ್ಳೆಯದು ಅಂದುಕೊಳ್ಳುತ್ತಾರೆ. ಕುಡಿಯುವ ನೀರಿನ ವಿಷಯ ಸ್ಲೈಡ್ 21ರಲ್ಲಿದೆ, ಇದು ಬೇರೆ. ಅದಕ್ಕೆ ಇಲ್ಲಿ "ಬಳಕೆ ಮಿತಿಯಲ್ಲಿದೆ" ಅನ್ನಿ.

ಅದೇ ಸ್ಲೈಡಿನಲ್ಲಿ `Draft` ಅಂದರೆ ಕರಡು ಅಲ್ಲ, ಮೇಲೆತ್ತಿದ ನೀರು. `ham` ಅಂದರೆ ಹೆಕ್ಟೇರ್ ಮೀಟರ್. ಒಂದು ಹೆಕ್ಟೇರ್ ಮೀಟರ್ ಅಂದರೆ ಒಂದು ಕೋಟಿ ಲೀಟರ್. ಕೋಟಿಯಲ್ಲೇ ಹೇಳಿ, ಕಣ್ಣಿಗೆ ಕಟ್ಟುತ್ತದೆ.

ಸ್ಲೈಡ್ 12–14: ನೀರಿನ ಮಟ್ಟ

ಇಲ್ಲಿ ಅಂಕಿ ತಲೆಕೆಳಗು. `18 m bgl` ಅಂದರೆ ನೆಲದಿಂದ 18 ಮೀಟರ್ ಕೆಳಗೆ. 18 ಹೋಗಿ 11 ಆದರೆ ನೀರು ಮೇಲೆ ಬಂದಿದೆ ಅಂತ. ಅಂಕಿ ಕಡಿಮೆಯಾಯಿತು ಅಂತ ಬಾಯಿ ತಪ್ಪಿ "ಮಟ್ಟ ಇಳಿದಿದೆ" ಅಂದರೆ ಇಡೀ ಗ್ರಾಫ್ ಉಲ್ಟಾ ಆಗುತ್ತದೆ. "ನೀರು 7 ಮೀಟರ್, ಅಂದರೆ 23 ಅಡಿ ಮೇಲೆ ಬಂತು" ಅನ್ನಿ.

ಮೀಟರ್ ಇಲ್ಲಿ ಯಾರಿಗೂ ಬೇಡ. 60 ಮೀಟರ್ ಸುಮಾರು 200 ಅಡಿ, 150 ಮೀಟರ್ ಹತ್ತಿರ 500 ಅಡಿ, 240 ಮೀಟರ್ 800ಕ್ಕೆ ಸ್ವಲ್ಪ ಕಡಿಮೆ. ಈ ಮೂರು ಅಂಕಿ ಕೈಯಲ್ಲಿ ಬರೆದಿಟ್ಟುಕೊಳ್ಳಿ. ಸ್ಲೈಡ್ 13ರ ತಲೆಬರಹದಲ್ಲಿ `feet` ಇದೆ, ಗ್ರಾಫಿನಲ್ಲಿ ಮೀಟರ್. ತಲೆಬರಹವೇ ತಪ್ಪು, ಸರ್‌ಗೆ ಹೇಳಿದ್ದೇನೆ, ತಿದ್ದುತ್ತಾರೆ.

`Recovery` ಅಂತ ಬರುತ್ತದೆ. ಹೋದ ವರ್ಷ ಇನ್ನೊಂದು ಸಭೆಯಲ್ಲಿ ಅನುವಾದ ಮಾಡಿದವರು ಇದನ್ನು "ವಸೂಲಿ" ಅಂದರು. ಬ್ಯಾಂಕಿನವರು ಬಂದಿದ್ದಾರೆ ಅಂತ ಹಿಂದಿನ ಸಾಲಿನವರು ಎದ್ದು ನಿಂತರು! ಮೋಟರ್ ನಿಲ್ಲಿಸಿದ ಮೇಲೆ ಬೋರಲ್ಲಿ ನೀರು ಮತ್ತೆ ತುಂಬಿಕೊಳ್ಳುವುದು, ಅಷ್ಟೇ. ಮೋಟರ್ ಓಡುವಾಗ ಇಳಿಯುವುದು `drawdown`.

ಸ್ಲೈಡ್ 16: ಎಷ್ಟು ನೀರು

`Yield` ಅಂದರೆ ಇಳುವರಿ ಅಂತ ನಾಲಿಗೆಗೆ ತಾನಾಗಿ ಬರುತ್ತದೆ. ಬೇಡ, ಶೇಂಗಾದವರು ಕ್ವಿಂಟಾಲ್ ಲೆಕ್ಕ ಹಾಕುತ್ತಾರೆ. "ಬೋರ್ ಕೊಡುವ ನೀರು" ಅನ್ನಿ.

ಸರ್ ಹೇಳುವುದು `lps`, ಸೆಕೆಂಡಿಗೆ ಇಷ್ಟು ಲೀಟರ್. ರೈತರು ಹೇಳುವುದು ಇಂಚು. ಬೋರ್ ಕೊರೆದಾಗ ವಿ ಆಕಾರದ ಸೀಳಿನ ತಗಡಿನ ಮೇಲೆ ಹರಿಯುವ ನೀರಿನ ಎತ್ತರ ನೋಡಿ ಹೇಳುವ ಇಂಚು ಅದು. ಸೀಳು 90 ಡಿಗ್ರಿ ಇದ್ದರೆ 2 ಇಂಚು ಅಂದರೆ ಸುಮಾರು 0.8 ಲೀಟರ್, 3 ಇಂಚು 2.2, 4 ಇಂಚು 4.5. ಅಂದರೆ 4 ಇಂಚಿನ ಬೋರ್ 2 ಇಂಚಿನ ಎರಡರಷ್ಟಲ್ಲ, ಐದರಷ್ಟಕ್ಕಿಂತ ಜಾಸ್ತಿ. ಯಾರಾದರೂ "ನಂದು ಎರಡೂವರೆ ಇಂಚು" ಅಂದರೆ ನೀವು ಲೆಕ್ಕ ಹಾಕಲು ಹೋಗಬೇಡಿ. "ಟೂ ಅಂಡ್ ಹಾಫ್ ಇಂಚಸ್ ಆನ್ ದ ವಿ ನಾಚ್" ಅಂತ ಸರ್ ಕಿವಿಗೆ ಹಾಕಿ, ಅವರೇ ನೋಡಿಕೊಳ್ಳುತ್ತಾರೆ. ಕೇಸಿಂಗ್ ಪೈಪಿನ ಅಗಲವೂ ಇಂಚಿನಲ್ಲೇ ಬರುತ್ತದೆ. 6 ಇಂಚು, ಆರೂವರೆ ಇಂಚು ಅಂದರೆ ಹೆಚ್ಚಾಗಿ ಅದೇ. ಅನುಮಾನ ಬಂದರೆ "ನೀರೋ ಪೈಪೋ?" ಅಂತ ರೈತರನ್ನೇ ಕೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸ್ಲೈಡ್ 21: ಫ್ಲೋರೈಡ್

ಫ್ಲೋರೈಡ್, ಕ್ಲೋರೈಡ್ ಎರಡೂ ಒಂದೇ ಪಟ್ಟಿಯಲ್ಲಿವೆ, ಮೇಲೆ ಕೆಳಗೆ. ನಿಧಾನವಾಗಿ ಓದಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ದಶಮಾಂಶದ ಚುಕ್ಕಿ ಬಿಟ್ಟರೆ 15 ಆಗುತ್ತದೆ. "ಒಂದೂವರೆ" ಅನ್ನಿ. "ಕುದಿಸಿದರೆ ಹೋಗುತ್ತಾ?" ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ಆದರೂ ಉತ್ತರ ಸರ್ ಬಾಯಿಂದಲೇ ಬರಲಿ.

ಸ್ಲೈಡ್ 25ರಿಂದ ಕೊನೆ

`Recharge` ಅನ್ನು ರೀಚಾರ್ಜ್ ಅಂತಲೇ ಹೇಳಿ, ಇಂಗುಗುಂಡಿ ಮಾಡಿಸಿದವರು ಹಾಗೇ ಅನ್ನುತ್ತಾರೆ. `Tank` ಅಂದರೆ ಕೆರೆ, ಮನೆ ಮೇಲಿನ ಟ್ಯಾಂಕ್ ಅಲ್ಲ. ಡೆಕ್‌ನಲ್ಲಿ ಒಂದು ಕಡೆ `VV Sagar`, ಇನ್ನೊಂದು ಕಡೆ `Marikanive` ಅಂತ ಇದೆ, ಎರಡೂ ಒಂದೇ ಡ್ಯಾಮ್. `Hagari` ಅಂತ ಬಂದರೆ ನಮ್ಮ ವೇದಾವತಿ. ಬಳ್ಳಾರಿ ಕಡೆ ಅದಕ್ಕೆ ಆ ಹೆಸರು.

ಹಿರಿಯೂರಿನವರು 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದನ್ನು ಎತ್ತದೇ ಬಿಡುವುದಿಲ್ಲ. 1933ರ ನಂತರ ಅದೇ ಮೊದಲು, ಮಾತಾಡಲಿ ಬಿಡಿ. ಇಂಗ್ಲಿಷಿಗೆ "ಓವರ್‌ಫ್ಲೋ" ಸಾಕು. "ಕೋಡಿ" ಗದ್ದಲದಲ್ಲಿ "ಕೋಟಿ" ಅಂತ ಕೇಳಿಸಬಹುದು, ಪಕ್ಕದಲ್ಲಿ ಅಂಕಿ ಇದೆಯೇ ನೋಡಿ. "ಪಾಯಿಂಟ್ ಮಾಡಿಸೋದು" ಅಂದರೆ ಬೋರಿಗೆ ಜಾಗ ಗುರುತಿಸುವುದು. ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡುವವರ ಬಗ್ಗೆ ಯಾರಾದರೂ ಕೇಳಿದರೆ ಇದ್ದದ್ದು ಇದ್ದ ಹಾಗೆ ದಾಟಿಸಿ, ನಗಬೇಡಿ. ಸಭೆಯಲ್ಲಿ ಅರ್ಧ ಜನ ಅದನ್ನು ನಂಬಿಯೇ ಕೊರೆಸಿದವರು.

ಬುಧವಾರ ಸಂಜೆ 6ಕ್ಕೆ ಸರ್ ಜೊತೆ ಫೋನಿನಲ್ಲಿ ಹತ್ತು ನಿಮಿಷ ಇಟ್ಟಿದ್ದೇನೆ, ಸ್ಲೈಡ್ 9 ಮತ್ತು 16 ಮೊದಲು ಕೇಳಿಬಿಡಿ. ತಿದ್ದಿದ ಡೆಕ್ ಬಂದ ತಕ್ಷಣ ಕಳಿಸುತ್ತೇನೆ. ಸ್ಲೈಡ್ ನಂಬರ್ ಬದಲಾದರೆ ಈ ಟಿಪ್ಪಣಿಯಲ್ಲೂ ಬದಲಿಸಿ, ದಪ್ಪ ಅಕ್ಷರದಲ್ಲಿ ಒಂದು ಪ್ರಿಂಟ್ ತೆಗೆದು ವೇದಿಕೆಯ ಮೇಲೆ ನಿಮ್ಮ ಕುರ್ಚಿಯಲ್ಲಿ ಇಟ್ಟಿರುತ್ತೇನೆ.