ಕೆಲಸದಿಂದ ತೆಗೆದಿರುವ ಬಗ್ಗೆ ಪತ್ರ

ದಾವಣಗೆರೆ, 28 ಜುಲೈ 2025
ರಿಜಿಸ್ಟರ್ಡ್ ಪೋಸ್ಟ್ ಮತ್ತು ವಾಟ್ಸಾಪ್ ಮೂಲಕ

ಮಂಜುನಾಥ್ ಅವರಿಗೆ,
ಗೋಡೌನ್ ಸ್ಟಾಕ್ ಕೆಲಸ

ಮಂಜುನಾಥ್ ಅವರೇ,

ಸುತ್ತಿ ಬಳಸಿ ಹೇಳುವುದಿಲ್ಲ. ಇವತ್ತಿನಿಂದ ನಿಮ್ಮನ್ನು ನಮ್ಮ ಹಾರ್ಡ್‌ವೇರ್ ಅಂಗಡಿಯ ಕೆಲಸದಿಂದ ತೆಗೆದಿದ್ದೇನೆ. ಕಾರಣ, ಹೇಳದೆ ಕೇಳದೆ ಮತ್ತೆ ಮತ್ತೆ ಗೈರಾಗಿದ್ದು.

ಮಾರ್ಚ್ 10ರಿಂದ 15ರವರೆಗೆ ನೀವು ಬರಲಿಲ್ಲ. 17ಕ್ಕೆ ಬಂದಾಗ ಮೊದಲ ಎಚ್ಚರಿಕೆ ಪತ್ರ ಕೊಟ್ಟೆ, ಸಹಿ ಹಾಕಿ ತಗೊಂಡಿರಿ. ಏಪ್ರಿಲ್ 21ರಿಂದ 30ರವರೆಗೆ ಮತ್ತೆ ಅದೇ ಕಥೆ, ಫೋನ್ ಕೂಡ ಸ್ವಿಚ್ ಆಫ್. ಮೇ 2ರಂದು ಎರಡನೇ ಪತ್ರ ಕೊಟ್ಟೆ, ಇನ್ನೊಮ್ಮೆ ಹೀಗಾದರೆ ಕೆಲಸ ಹೋಗುತ್ತದೆ ಅಂತ ಅದರಲ್ಲೇ ಬರೆದಿತ್ತು. ಜುಲೈ 5ರ ಶನಿವಾರ ಗೋಡೌನ್ ಬೀಗ ಹಾಕಿಕೊಂಡು ಹೋದವರು ಸೋಮವಾರ ಬರಲಿಲ್ಲ, ಬೀಗದ ಕೈ ನಿಮ್ಮ ಹತ್ತಿರವೇ ಇತ್ತು, ಸಿಮೆಂಟ್ ಲಾರಿ ಬಂದು ಮಧ್ಯಾಹ್ನದವರೆಗೆ ರಸ್ತೆಯಲ್ಲೇ ನಿಂತು ಕೊನೆಗೆ ಬೀಗ ಒಡೆಸಬೇಕಾಯಿತು. 10ರಂದು ಕಾರಣ ಕೇಳಿ ನೋಟಿಸ್ ಕಳಿಸಿದೆ.

21ಕ್ಕೆ ಬಂದು ತಾಯಿಗೆ ಹುಷಾರಿರಲಿಲ್ಲ ಅಂದಿರಿ. ಇರಬಹುದು, ಅದನ್ನು ಸುಳ್ಳು ಅನ್ನುತ್ತಿಲ್ಲ. ಆದರೆ ಒಂದು ಚೀಟಿ ತನ್ನಿ ಅಂದರೆ ತರಲಿಲ್ಲ, ಎರಡು ವಾರದಲ್ಲಿ ಒಂದು ಫೋನ್ ಮಾಡೋಕೂ ಆಗಲಿಲ್ವಾ ಅಂದರೆ ಉತ್ತರ ಇರಲಿಲ್ಲ, ಮಾರನೇ ದಿನದಿಂದ ಮತ್ತೆ ನಾಪತ್ತೆ. ಅಂಗಡಿ ಹುಡುಗರು ಏನೇನೋ ಹೇಳುತ್ತಾರೆ, ಅದನ್ನು ನಾನು ಲೆಕ್ಕಕ್ಕೆ ತಗೊಂಡಿಲ್ಲ.

ಇನ್ನು ದುಡ್ಡಿನ ವಿಷಯ. ತಿಂಗಳಿಗೆ 18,200, ಅಂದರೆ 26 ದಿನಕ್ಕೆ ಭಾಗಿಸಿ ದಿನಕ್ಕೆ 700 ರೂಪಾಯಿ ಅಂತ ಲೆಕ್ಕ ಹಾಕಿದ್ದೇನೆ.

ಜುಲೈ 1ರಿಂದ 5ರ ಸಂಬಳ: 3,500
ಉಳಿದ ಗಳಿಕೆ ರಜೆ, 14 ದಿನ: 9,800
ನೋಟಿಸ್ ಬದಲು ಒಂದು ತಿಂಗಳ ಸಂಬಳ: 18,200
ಗ್ರಾಚ್ಯುಟಿ, 6 ವರ್ಷಕ್ಕೆ: 63,000
ಕಡಿತ, ಅಡ್ವಾನ್ಸ್ ಬಾಕಿ: 7,000
ಕಡಿತ, ಇಎಸ್‌ಐ: 27
ಕೈಗೆ ಬರುವುದು: 87,473 ರೂಪಾಯಿ

ನೀವು ಸೇರಿದ್ದು 2019ರ ಫೆಬ್ರವರಿ 4ಕ್ಕೆ. ಐದು ವರ್ಷ ದಾಟಿದೆ, ಹಾಗಾಗಿ ವರ್ಷಕ್ಕೆ 15 ದಿನದ ಸಂಬಳದ ಹಾಗೆ ಗ್ರಾಚ್ಯುಟಿ ನಿಮ್ಮ ಹಕ್ಕು, ಅದರಲ್ಲಿ ಒಂದು ಪೈಸೆಯನ್ನೂ ಮುರಿದಿಲ್ಲ. ಅಡ್ವಾನ್ಸ್ ಮುರಿದಿರುವುದು ನೋಟಿಸ್ ಹಣದಲ್ಲಿ. ಗೈರಾದ ದಿನಗಳಿಗೆ ಸಂಬಳ ಇಲ್ಲ, ಆದರೆ ಅವನ್ನು ನಿಮ್ಮ ರಜೆಯಲ್ಲೂ ಕಳೆದಿಲ್ಲ. ಗ್ರಾಚ್ಯುಟಿ ಬಿಟ್ಟು ಉಳಿದ 24,473 ಬುಧವಾರ, 30ರೊಳಗೆ ಸಂಬಳ ಬೀಳುವ ಖಾತೆಗೇ ಬರುತ್ತದೆ. ಗ್ರಾಚ್ಯುಟಿ ಆಗಸ್ಟ್ 20ರೊಳಗೆ.

ಅಂಗಡಿಯ ಮೊಬೈಲ್ ಮತ್ತು ಡೆಲಿವರಿ ಚಲನ್ ಪುಸ್ತಕ ನಿಮ್ಮ ಹತ್ತಿರ ಇವೆ, ಶನಿವಾರದೊಳಗೆ ಕ್ಯಾಶ್ ಕೌಂಟರ್‌ನಲ್ಲಿ ಕೊಟ್ಟು ರಸೀದಿ ತಗೊಳ್ಳಿ. ಹಳೇ ಬೀಗದ ಕೈ ಬೇಡ, ಬೀಗವೇ ಇಲ್ಲ. ಸರ್ವಿಸ್ ಸರ್ಟಿಫಿಕೇಟ್ ರೆಡಿ ಇದೆ, ಅದರಲ್ಲಿ ಕೆಲಸ ಮಾಡಿದ ತಾರೀಕು ಬಿಟ್ಟು ಬೇರೇನೂ ಬರೆದಿಲ್ಲ.

ಲೆಕ್ಕದಲ್ಲಿ ತಪ್ಪು ಕಂಡರೆ ಬಂದು ಕೂತು ಮಾತಾಡಿ. ತೆಗೆದದ್ದೇ ಸರಿಯಲ್ಲ ಅನ್ನಿಸಿದರೆ ಕಾರ್ಮಿಕ ಇಲಾಖೆಗೆ ಹೋಗುವ ದಾರಿ ನಿಮಗಿದೆ, ನನಗೇನೂ ಬೇಜಾರಿಲ್ಲ.

ಇಂತಿ,
ಅಂಗಡಿ ಮಾಲೀಕ