ಪಂದ್ಯದ ದಿನದ ತಿಂಡಿ: ಗಾಂಧಿ ಬಜಾರಿನ ಅಂಗಡಿಯಿಂದ ಗ್ರಾಹಕರಿಗೆ ಐಪಿಎಲ್ ಋತುವಿನ ವಾಟ್ಸ್‌ಆ್ಯಪ್ ಸಂದೇಶಗಳು

ಮೊದಲ ಪಂದ್ಯಕ್ಕೆ ಮುಂಚಿನ ಶನಿವಾರ, ಬೆಳಿಗ್ಗೆ 10

ನಮಸ್ಕಾರ. ಇನ್ನು ಎರಡು ತಿಂಗಳು ಸಂಜೆ ಏಳೂವರೆಗೆ ನಿಮ್ಮ ಮನೆಯಲ್ಲಿ ಟಿವಿ ರಿಮೋಟು ಯಾರ ಕೈಯಲ್ಲಿರುತ್ತದೆ ಎಂದು ನಾವು ಕೇಳುವುದಿಲ್ಲ. ಅದೇ ಹೊತ್ತಿಗೆ ಬಾಣಲೆಯ ಮುಂದೆ ಯಾರು ನಿಂತಿರುತ್ತಾರೆ ಎಂದು ಮಾತ್ರ ಕೇಳುತ್ತೇವೆ. ಬಜ್ಜಿ ಕರಿಯುವವರಿಗೂ ಪವರ್‌ಪ್ಲೇ ನೋಡುವ ಆಸೆ ಇರುತ್ತದೆ. ಕರಿಯುವ ಕೆಲಸವನ್ನು ನಮಗೆ ಬಿಡಿ.

ಋತುವಿನ ಡಬ್ಬಿ ಸಿದ್ಧವಾಗಿದೆ. ಕೋಡುಬಳೆ, ನಿಪ್ಪಟ್ಟು, ಖಾರದ ಅವಲಕ್ಕಿ ತಲಾ ಕಾಲು ಕಿಲೋ, ಜೊತೆಗೆ 200 ಗ್ರಾಂ ಕಾಂಗ್ರೆಸ್ ಕಡಲೆಕಾಯಿ. ಎಲ್ಲ ಸೇರಿ ₹420. ಖಾಲಿಯಾದ ಡಬ್ಬಿಯನ್ನು ತೊಳೆದು ತಂದುಕೊಟ್ಟರೆ ಮುಂದಿನ ಸಲ ₹390. ತೊಳೆಯದೆ ತಂದರೂ ₹390, ಆದರೆ ಅಂಗಡಿಯಲ್ಲಿ ಅಮ್ಮ ಇರುವ ಹೊತ್ತಿಗೆ ತರಬೇಡಿ.

ಪಂದ್ಯದ ದಿನಗಳಲ್ಲಿ ಬಿಸಿ ತಿಂಡಿ ಸಂಜೆ 6ರಿಂದ ರಾತ್ರಿ 10ರವರೆಗೆ ಮನೆಗೆ ಬರುತ್ತದೆ. ಬಸವನಗುಡಿ, ಎನ್.ಆರ್. ಕಾಲೋನಿ, ಹನುಮಂತನಗರ, ತ್ಯಾಗರಾಜನಗರ, ಚಾಮರಾಜಪೇಟೆಗಳಿಗೆ ₹200ಕ್ಕಿಂತ ಮೇಲಿನ ಆರ್ಡರಿಗೆ ಸಾಗಣೆ ಶುಲ್ಕವಿಲ್ಲ. ಅದಕ್ಕಿಂತ ದೂರ ಕಳುಹಿಸುವುದಿಲ್ಲ. ಅರ್ಧ ಗಂಟೆ ಚೀಲದಲ್ಲಿ ಕೂತ ಬಜ್ಜಿಗೆ ನಮ್ಮ ಅಂಗಡಿಯ ಹೆಸರಿಡಲು ಇಷ್ಟವಿಲ್ಲ. ದೊಡ್ಡ ಪಂದ್ಯವೆಂದು ಬೆಲೆ ಏರಿಸುವುದೂ ಇಲ್ಲ.

ಆರ್ಡರ್ ಮಾಡಲು ಈ ಸಂಖ್ಯೆಗೇ ಉತ್ತರಿಸಿ. ಸಂದೇಶ ಬೇಡವಾದರೆ "ಸಾಕು" ಎಂದು ಬರೆಯಿರಿ, ನಿಲ್ಲಿಸುತ್ತೇವೆ.

ಬೆಂಗಳೂರು ಆಡುವ ದಿನ, ಬೆಳಿಗ್ಗೆ 11.30

ಇವತ್ತು ನಮ್ಮವರ ಪಂದ್ಯ. ಏಳಕ್ಕೆ ಟಾಸ್, ಏಳೂವರೆಗೆ ಮೊದಲ ಎಸೆತ. ಈಗಲೇ ಹೇಳಿಟ್ಟರೆ 6.30ರಿಂದ 7.15ರೊಳಗೆ ಬಾಗಿಲಿಗೆ ಬರುತ್ತದೆ.

ಮೆಣಸಿನಕಾಯಿ ಬಜ್ಜಿ 6ಕ್ಕೆ ₹60. ಮದ್ದೂರು ವಡೆ 4ಕ್ಕೆ ₹80. ಚುರುಮುರಿ ಇಬ್ಬರಿಗೆ ₹70. ಮಂಡಕ್ಕಿ ಒಂದು ಪೊಟ್ಟಣ, ಈರುಳ್ಳಿ, ಟೊಮೆಟೊ, ಮಸಾಲೆ ಇನ್ನೊಂದು ಪೊಟ್ಟಣ. ಕಲಸುವ ಕೆಲಸ ನಿಮ್ಮದು. ಇಲ್ಲೇ ಕಲಸಿ ಕಳುಹಿಸಿದರೆ ನಿಮ್ಮ ಮನೆ ಮುಟ್ಟುವಷ್ಟರಲ್ಲಿ ಅದು ಚುರುಮುರಿಯಾಗಿ ಉಳಿದಿರುವುದಿಲ್ಲ.

ಅದೇ ದಿನ, ಸಂಜೆ 5.45

ಪಂದ್ಯಕ್ಕೆ ಮುಂಚೆ ತಲುಪಬೇಕಾದ ಆರ್ಡರುಗಳಿಗೆ ಇನ್ನು ಹದಿನೈದು ನಿಮಿಷ. ಆರು ಗಂಟೆಯ ನಂತರ ಬಂದದ್ದನ್ನೂ ಮಾಡಿಕೊಡುತ್ತೇವೆ, ಆದರೆ ಮೊದಲ ಓವರಿನ ಹೊತ್ತಿಗೆ ಕರೆಗಂಟೆ ಒತ್ತಿದರೆ ನಮ್ಮ ಹುಡುಗನ ಮೇಲೆ ಸಿಟ್ಟಾಗಬೇಡಿ.

ಟಾಸ್ ಆದ ಕೂಡಲೇ: ಬೆಂಗಳೂರು ಮೊದಲು ಬ್ಯಾಟಿಂಗ್ ಆದರೆ

ನಮ್ಮವರೇ ಮೊದಲು ಬ್ಯಾಟಿಂಗ್. ಎದ್ದು ಹೋಗಲು ಮನಸ್ಸು ಬರದ ಇಪ್ಪತ್ತು ಓವರ್. ಕೈಗೆಟುಕುವ ಹಾಗೆ ಕೋಡುಬಳೆ, ಮಜ್ಜಿಗೆ: ₹90.

ಟಾಸ್ ಆದ ಕೂಡಲೇ: ಬೆಂಗಳೂರು ಮೊದಲು ಬೌಲಿಂಗ್ ಆದರೆ

ಮೊದಲು ಬೌಲಿಂಗ್. ನಮ್ಮ ಬೌಲಿಂಗ್ ನೋಡಲು ಎಷ್ಟು ಗಟ್ಟಿ ಮನಸ್ಸು ಬೇಕೆಂದು ಹಳೆಯ ಅಭಿಮಾನಿಗಳಿಗೆ ಹೇಳಬೇಕಾಗಿಲ್ಲ. ಪವರ್‌ಪ್ಲೇಯ ಆರು ಓವರುಗಳಲ್ಲಿ ಬೀಳುವ ಪ್ರತಿ ವಿಕೆಟ್ಟಿಗೆ ಒಂದು ಬಜ್ಜಿ ಉಚಿತ. ಇನ್ನಿಂಗ್ಸ್ ವಿರಾಮಕ್ಕೆ ₹150ರ ಮೇಲೆ ಆರ್ಡರ್ ಮಾಡುವ ಎಲ್ಲರಿಗೂ ಇದು ಅನ್ವಯ.

ಅದೇ ದಿನ, ರಾತ್ರಿ 8.35

ವಿರಾಮಕ್ಕೆ ಬಿಸಿ ಮಸಾಲ ವಡೆ ಬೇಕಿದ್ದರೆ ಈಗಲೇ ಬರೆಯಿರಿ. 20ನೇ ಓವರ್ ಮುಗಿದ ಮೇಲೆ ಕೇಳಿದರೆ ಎಲ್ಲರೂ ಒಟ್ಟಿಗೆ ಕೇಳುತ್ತಾರೆ, ನಮ್ಮ ಬಾಣಲೆ ಎರಡೇ. ಡಬ್ಬಕ್ಕೆ ಗಾಳಿಯಾಡಲು ತೂತು ಮಾಡಿ, ಚಟ್ನಿಯನ್ನು ಬೇರೆ ಕಟ್ಟಿ ಕಳುಹಿಸುತ್ತೇವೆ. ಹಬೆಗೆ ವಡೆ ಮೆತ್ತಗಾಗದಂತೆ, ಕೈಗೆ ಬಂದ ತಕ್ಷಣ ಮುಚ್ಚಳ ತೆಗೆದುಬಿಡಿ.

ಎರಡು ಪಂದ್ಯಗಳ ಭಾನುವಾರ, ಬೆಳಿಗ್ಗೆ 10.30

ಮೂರೂವರೆಗೆ ಒಂದು, ಏಳೂವರೆಗೆ ಇನ್ನೊಂದು. ನಡುವೆ ಮನೆಯಲ್ಲಿ ಅಡುಗೆ ಆಗುವುದು ಕಷ್ಟ. ಮಧ್ಯಾಹ್ನದ ಪಂದ್ಯಕ್ಕೆ ಚುರುಮುರಿ, ಪಾನಕ. ರಾತ್ರಿಯ ಪಂದ್ಯಕ್ಕೆ ವಡೆ, ಬಜ್ಜಿ. ಎರಡನ್ನೂ ಈಗಲೇ ಒಟ್ಟಿಗೆ ಹೇಳಿದರೆ ನಾಲ್ವರಿಗೆ ₹340. ಎರಡು ಸಲ ಬರುತ್ತೇವೆ, ಹಣ ಒಂದೇ ಸಲ.

ಏಪ್ರಿಲ್ 23, ಬೆಳಿಗ್ಗೆ 9

ಈ ದಿನಾಂಕ ನೆನಪಿದೆಯೇ?

2013ರ ಏಪ್ರಿಲ್ 23, ಚಿನ್ನಸ್ವಾಮಿ ಕ್ರೀಡಾಂಗಣ: ಪುಣೆ ವಾರಿಯರ್ಸ್ ವಿರುದ್ಧ ಬೆಂಗಳೂರು 5 ವಿಕೆಟ್ಟಿಗೆ 263. ಕ್ರಿಸ್ ಗೇಲ್ ಒಬ್ಬರೇ 66 ಎಸೆತಗಳಲ್ಲಿ ಅಜೇಯ 175.

2017ರ ಏಪ್ರಿಲ್ 23, ಈಡನ್ ಗಾರ್ಡನ್ಸ್: ಕೋಲ್ಕತ್ತ ವಿರುದ್ಧ ಬೆಂಗಳೂರು 49ಕ್ಕೆ ಆಲೌಟ್. ಹತ್ತು ಓವರ್ ಕೂಡ ಆಡಲಿಲ್ಲ.

ಒಂದೇ ತಾರೀಖಿನಲ್ಲಿ ಸ್ವರ್ಗವನ್ನೂ ಪಾತಾಳವನ್ನೂ ನೋಡಿದವರು ನಾವು. ಆದ್ದರಿಂದ ಇಂದು ಎರಡು ಪೊಟ್ಟಣ. ₹263ಕ್ಕೆ "ಗೇಲ್ ದಿನ": ಬಜ್ಜಿ 6, ಮದ್ದೂರು ವಡೆ 4, ಇಬ್ಬರಿಗೆ ಚುರುಮುರಿ, ಸರಿಯಾಗಿ ತೂಗಿದ 175 ಗ್ರಾಂ ಕಾಂಗ್ರೆಸ್ ಕಡಲೆಕಾಯಿ. ₹49ಕ್ಕೆ "ಆ ಇನ್ನೊಂದು ದಿನ": ಒಬ್ಬರಿಗೆ ಚುರುಮುರಿ, ಒಂದು ಲೋಟ ಮಜ್ಜಿಗೆ. ಎರಡನೆಯದು ಬೇಗ ಮುಗಿಯುತ್ತದೆ, ಆ ಇನ್ನಿಂಗ್ಸಿನ ಹಾಗೆಯೇ. ಇಂದು ನಮ್ಮವರ ಪಂದ್ಯ ಇರಲಿ, ಇಲ್ಲದಿರಲಿ, ಎರಡೂ ಸಿಗುತ್ತವೆ.

ಮಳೆ ಬಂದ ಸಂಜೆ

2025ರ ಮೇ 17ರಂದು ಚಿನ್ನಸ್ವಾಮಿಯಲ್ಲಿ ಒಂದು ಎಸೆತವೂ ಬೀಳಲಿಲ್ಲ. ಇಂದೂ ಆಕಾಶ ಅದೇ ಗುಂಗಿನಲ್ಲಿದೆ. ತಲಾ ಐದು ಓವರ್ ಆಡಲು ಬಿಡುವು ಸಿಕ್ಕರೂ ಫಲಿತಾಂಶ ಬರುತ್ತದೆ, ಆದ್ದರಿಂದ ಟಿವಿ ಆರಿಸಬೇಡಿ. ಪಂದ್ಯ ರದ್ದಾದರೂ ಮಳೆಗೆ ಬಜ್ಜಿ ರದ್ದಾದದ್ದನ್ನು ನಾವು ಕಂಡಿಲ್ಲ.

ಒಂದು ಕೋರಿಕೆ: ರಸ್ತೆಯಲ್ಲಿ ನೀರು ನಿಂತಿದ್ದರೆ ಹುಡುಗರಿಗೆ ನಿಧಾನವಾಗಿ ಗಾಡಿ ಓಡಿಸಲು ಹೇಳಿದ್ದೇವೆ. ಹದಿನೈದು ನಿಮಿಷ ತಡವಾಗಬಹುದು.

ಗೆದ್ದ ರಾತ್ರಿ, ಪಂದ್ಯ ಮುಗಿದ ಹತ್ತು ನಿಮಿಷಕ್ಕೆ

ಗೆದ್ದೆವು! ಒಲೆ ಆರಿಸಿಯಾಗಿದೆ, ಇಂದು ಮಾರಲು ಏನೂ ಉಳಿದಿಲ್ಲ. ನಾಳೆ ಬೆಳಿಗ್ಗೆ 8ರಿಂದ 11ರವರೆಗೆ ಅಂಗಡಿಗೆ ಬಂದು ಯಾವ ತಿಂಡಿಯನ್ನು ಕೊಂಡರೂ ಜೊತೆಗೆ ಒಂದು ತುಂಡು ಮೈಸೂರು ಪಾಕ್ ನಮ್ಮದು.

ಸೋತ ಮರುದಿನ, ಬೆಳಿಗ್ಗೆ 10

ನಿನ್ನೆ ರಾತ್ರಿ ನಿಮಗೆ ಏನೂ ಕಳುಹಿಸಲಿಲ್ಲ. ಕಾರಣ ಗೊತ್ತಿದೆ. ಎಲ್ಲರೂ ಕ್ಯಾಪ್ಟನ್ ಆಗಿ ಬದಲಾಗುವ ಹೊತ್ತಿನಲ್ಲಿ ಮಿಕ್ಸ್ಚರ್ ಮಾರುವುದು ಮರ್ಯಾದೆಯಲ್ಲ.

2008ರ ಏಪ್ರಿಲ್ 18ರಂದು, ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲೇ, ನಮ್ಮ ಊರಿನಲ್ಲೇ, ನಾವು 140 ರನ್ನುಗಳಿಂದ ಸೋತಿದ್ದೆವು. ಅಂದು ಬಿಡದವರು ನಿನ್ನೆಯ ಸೋಲಿಗೆ ಬಿಡುತ್ತೇವೆಯೇ? ಇಂದು ನಿಪ್ಪಟ್ಟು ಅರ್ಧ ಕಿಲೋ ₹160ರ ಬದಲು ₹140. ಎಲ್ಲಿ ತಪ್ಪಿತೆಂದು ಚರ್ಚಿಸಲು ಅಂಗಡಿಯ ಮುಂದಿನ ಕಟ್ಟೆ ಖಾಲಿ ಇದೆ.

ಫೈನಲ್ಲಿನ ಹಿಂದಿನ ದಿನ, ಬೆಳಿಗ್ಗೆ 10

2009ರ ಫೈನಲ್, ಜೋಹಾನ್ಸ್‌ಬರ್ಗ್: ಆರು ರನ್ನುಗಳಿಂದ ಸೋತೆವು. ಆಮೇಲೆ 2011, ಆಮೇಲೆ 2016. 2025ರ ಜೂನ್ 3, ಅಹಮದಾಬಾದ್: ಅದೇ ಆರು ರನ್ನುಗಳಿಂದ ಗೆದ್ದೆವು. ಲೆಕ್ಕ ಚುಕ್ತಾ ಆಗಲು ಹದಿನಾರು ವರ್ಷ ಹಿಡಿಯಿತು.

ನಾಳೆ ಯಾರೇ ಆಡಲಿ, ಆರು ಬಜ್ಜಿ ಕೊಂಡವರಿಗೆ ಆರು ಸಣ್ಣ ಬೋಂಡಾ ಉಚಿತ. ಫೈನಲ್ಲಿನ ದಿನ ಫೋನು ಎತ್ತಲು ಆಗುವುದಿಲ್ಲ, ಆದ್ದರಿಂದ ಆರ್ಡರ್ ಇಂದು ರಾತ್ರಿ 9ರವರೆಗೆ ಮಾತ್ರ. ವಿಳಾಸದ ಜೊತೆ ಎಷ್ಟು ಜನರಿಗೆ, ಟಾಸ್‌ಗೆ ಮುಂಚೆಯೋ ವಿರಾಮಕ್ಕೋ ಎಂದು ಬರೆಯಿರಿ. ನಾಳೆ ರಾತ್ರಿ ಎಂಟೂವರೆಗೆ ಕೊನೆಯ ಬಾಣಲೆ ಇಳಿಸುತ್ತೇವೆ. ಕೊನೆಯ ಓವರುಗಳನ್ನು ನಮ್ಮ ಹುಡುಗರೂ ನೋಡಬೇಕಲ್ಲ.